ಅರ್ಧ ಗಂಟೆಯಲ್ಲಿ ಡಿಸ್‌ಪ್ಲೇ ಹಾಕಿಕೊಡುವ ಅಂಗಡಿ

ಪ್ರಶ್ನೆ: ನಮ್ಮ ಏರಿಯಾದ ರಿಪೇರಿ ಅಂಗಡಿಯವರು ಒಂದು ಶಾರ್ಟ್ಸ್ ವಿಡಿಯೋ ಹಾಕಿದ್ದಾರೆ. "30 ನಿಮಿಷದಲ್ಲಿ ಡಿಸ್‌ಪ್ಲೇ, 6 ತಿಂಗಳು ವಾರಂಟಿ, ರೇಟು ಮೊದಲೇ ಹೇಳ್ತೀವಿ" ಅಂತ. ನನ್ನದು ಅಮೋಲೆಡ್ ಫೋನ್, ಡಿಸ್‌ಪ್ಲೇ ಒಡೆದಿದೆ. ನಂಬಿ ಕೊಡಬಹುದಾ?

ಕೊಡಬಹುದು. ಆದರೆ ಮೊದಲು "ಯಾವ ಡಿಸ್‌ಪ್ಲೇ ಹಾಕ್ತೀರಿ?" ಅಂತ ಕೇಳಿ. ನಾನು ಇದೇ ರಿಪೇರಿ ಕೆಲಸ ಮಾಡುವವನು. ರೇಟು ಎಷ್ಟೇ ಹೇಳಲಿ, ಯಾವ ಮಾಲಿಗೆ ಅಂತ ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

ನಿಮ್ಮಂಥ ಫೋನಿಗೆ ಕಂಪನಿಯ ಒರಿಜಿನಲ್ ಡಿಸ್‌ಪ್ಲೇ ಇರುತ್ತದೆ, ಬೇರೆಯವರು ತಯಾರಿಸಿದ ಓಎಲ್‌ಇಡಿ ಇರುತ್ತದೆ, ಎಲ್ಲಕ್ಕಿಂತ ಅಗ್ಗಕ್ಕೆ ಇನ್‌ಸೆಲ್ ಇರುತ್ತದೆ. ಇನ್‌ಸೆಲ್ ಅಂದರೆ ಎಲ್‌ಸಿಡಿ. ನಿಮ್ಮ ಫೋನಿನ ಫಿಂಗರ್‌ಪ್ರಿಂಟ್ ಪರದೆಯ ಒಳಗೇ ಇದ್ದರೆ, ಇನ್‌ಸೆಲ್ ಹಾಕಿದ ಮೇಲೆ ಅದು ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಹಿಂದಿರುವ ಬ್ಯಾಕ್‌ಲೈಟ್ ಪದರ ಸೆನ್ಸರ್‌ಗೆ ಅಡ್ಡ ಬರುತ್ತದೆ. ಫಿಂಗರ್‌ಪ್ರಿಂಟ್ ಪಕ್ಕದ ಬಟನ್‌ನಲ್ಲಿದ್ದರೆ, ಯಾವುದು ಹಾಕಿದ್ದಾರೆ ಅಂತ ಹೀಗೆ ನೋಡಿ: ಕತ್ತಲಲ್ಲಿ ಪೂರ್ತಿ ಕಪ್ಪು ಫೋಟೋ ತೆರೆಯಿರಿ. ಅಮೋಲೆಡ್‌ನಲ್ಲಿ ಪರದೆ ಆಫ್ ಆದ ಹಾಗೆ ಕಾಣುತ್ತದೆ, ಇನ್‌ಸೆಲ್‌ನಲ್ಲಿ ಬೂದು ಬೆಳಕು ಉಳಿಯುತ್ತದೆ.

ಇನ್ನು 30 ನಿಮಿಷ. ಕೆಲವು ಮಾಡೆಲ್‌ಗಳಲ್ಲಿ ಬಿಚ್ಚಿ ಹಾಕುವುದು ಅಷ್ಟರಲ್ಲೇ ಮುಗಿಯಬಹುದು. ಆದರೆ ಫ್ರೇಮ್ ಅಂಚಿನಲ್ಲಿ ಉಳಿದ ಗಾಜಿನ ಚೂರು, ಹಳೆ ಗಮ್ ಎಲ್ಲವನ್ನೂ ಕೆರೆದು ತೆಗೆಯಬೇಕು. ಒಂದು ಚೂರು ಉಳಿದರೂ ಹೊಸ ಗಾಜು ಅಲ್ಲಿ ಎದ್ದು ನಿಲ್ಲುತ್ತದೆ, ಸಣ್ಣ ಒತ್ತಡಕ್ಕೇ ಬಿರುಕು ಬಿಡುತ್ತದೆ. ಆಮೇಲೆ ಹೊಸ ಗಮ್ ಹಾಕಿ, ಕ್ಲಿಪ್ ಬಿಗಿದು ಕೆಲವು ಗಂಟೆ ಬಿಡಬೇಕು. ಬಿಸಿ ಬಿಸಿಯಾಗಿ ಜೇಬಿಗೆ ಹಾಕಿಕೊಂಡು ಹೋದರೆ ಅಂಚು ಬಿಟ್ಟುಕೊಂಡು ಧೂಳು ಹೋಗುತ್ತದೆ. ಬೆಳಗ್ಗೆ ಕೊಟ್ಟು ಸಂಜೆ ತಗೊಳ್ಳಿ, ಅಷ್ಟು ಹೊತ್ತು ಕಾಯಬಹುದು ಅಲ್ವಾ?

ಅಂಟಿಸುವ ಮುಂಚೆ ಕೇಬಲ್ ಮಾತ್ರ ಸಿಕ್ಕಿಸಿ ತೋರಿಸಲು ಹೇಳಿ. ಒಂದು ಆ್ಯಪ್ ಐಕಾನ್ ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆಯಿರಿ. ಬೆರಳು ಎತ್ತದಿದ್ದರೂ ಐಕಾನ್ ಎಲ್ಲಾದರೂ ಬಿಟ್ಟುಹೋದರೆ ಅಲ್ಲಿ ಟಚ್ ಸತ್ತಿದೆ.

ವಾರಂಟಿಯಲ್ಲಿ ಜಗಳ ಬರುವುದು ಬಾಗಿದ ಫ್ರೇಮ್‌ನಿಂದ. ಬಿದ್ದ ಫೋನಿನ ಫ್ರೇಮ್ ಸ್ವಲ್ಪ ಬಾಗಿರಬಹುದು. ಅದರ ಮೇಲೆ ಹೊಸ ಡಿಸ್‌ಪ್ಲೇ ಕೂರಿಸಿದರೆ ಒಂದೇ ಕಡೆ ಒತ್ತಡ ಬಿದ್ದು ಕೆಲವೇ ದಿನದಲ್ಲಿ ಗೆರೆ ಬರಬಹುದು. ಆಗ ಅಂಗಡಿಯವರು "ಇದು ಪ್ರೆಷರ್ ಡ್ಯಾಮೇಜ್, ವಾರಂಟಿ ಇಲ್ಲ" ಅನ್ನುತ್ತಾರೆ. ಅದಕ್ಕೇ ಬಿಚ್ಚಿದ ತಕ್ಷಣ ಫ್ರೇಮ್ ನಿಮ್ಮ ಕಣ್ಣೆದುರು ಸಮತಟ್ಟಾದ ಗಾಜಿನ ಮೇಲಿಟ್ಟು ನೋಡಲಿ. ಅಲುಗಾಡಿದರೆ ಸರಿಮಾಡುವ ಖರ್ಚು ಎಷ್ಟು ಅಂತ ಆಗಲೇ ಹೇಳಲಿ.

ಬಿಲ್ಲಿನಲ್ಲಿ ಡಿಸ್‌ಪ್ಲೇ ಯಾವ ತರದ್ದು, ತಾರೀಖು, ವಾರಂಟಿ ಯಾವುದಕ್ಕೆ, ಫೋನಿನ ಐಎಂಇಐ (*#06# ಒತ್ತಿದರೆ ಬರುತ್ತದೆ) ಇಷ್ಟೂ ಬರೆಸಿ. ಬಿಚ್ಚಿದ ಮೇಲೆ ಬೇಡ ಅಂದರೆ ಎಷ್ಟು ಕೊಡಬೇಕು ಅನ್ನುವುದನ್ನೂ ಫೋನ್ ಕೈಗೆ ಕೊಡುವ ಮುಂಚೆಯೇ ಕೇಳಿಕೊಳ್ಳಿ.