ಕೊನೆಯ ಸಂಪುಟದಲ್ಲಿ ಯಾವ ಗಂಟು ಬಿಚ್ಚಬೇಕು?

ಪತ್ರ: ಸಂಪಾದಕರಿಗೆ ನಮಸ್ಕಾರ. ಮಲೆನಾಡಿನ ಒಂದು ಮನೆತನದ ಕಥೆಯನ್ನು 5 ಸಂಪುಟಗಳಲ್ಲಿ ಬರೆಯುತ್ತಿದ್ದೇನೆ. 4 ಮುಗಿದಿವೆ. ಅಜ್ಜನ ಉಯಿಲು, ಮೊದಲ ಸಂಪುಟದಲ್ಲೇ ಮನೆ ಬಿಟ್ಟುಹೋದ ಚಿಕ್ಕಪ್ಪ, ತವರಿಗೆ ವಾಪಸಾದ ಶಾರದೆ, ಹೀಗೆ ಇಪ್ಪತ್ತಕ್ಕೂ ಹೆಚ್ಚು ಎಳೆಗಳು ಹಾಗೇ ಉಳಿದಿವೆ. ಎಲ್ಲ ಹೇಳಿಬಿಟ್ಟರೆ ಓದುಗರ ಕಲ್ಪನೆಗೆ ಏನೂ ಉಳಿಯುವುದಿಲ್ಲ, ಹೇಳದಿದ್ದರೆ ಮೋಸವಾಯಿತು ಎನ್ನುತ್ತಾರೆ. ಸಾರಾಂಶ ಜೊತೆಗಿದೆ. ದಾರಿ ತೋರಿಸಿ.
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಐದನೆಯದನ್ನು ಸ್ವಲ್ಪ ದಿನ ಬದಿಗಿಟ್ಟು, ಬರೆದ ನಾಲ್ಕನ್ನೂ ಪೆನ್ಸಿಲ್ ಹಿಡಿದು ಓದಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿ ಎಳೆಗೂ ಒಂದು ಸಾಲು ಕೊಡಿ: ಯಾವ ಅಧ್ಯಾಯದಲ್ಲಿ ಶುರುವಾಯಿತು, ಕೊನೆಗೆ ಎಲ್ಲಿ ಕಾಣಿಸಿಕೊಂಡಿತು, ಓದುಗರ ಮನಸ್ಸಿನಲ್ಲಿ ಯಾವ ಪ್ರಶ್ನೆ ಬಿಟ್ಟಿತು. ಆ ಪ್ರಶ್ನೆಯನ್ನು ಪೂರ್ತಿ ವಾಕ್ಯವಾಗಿಯೇ ಬರೆಯಬೇಕು. ಬರೀ ‘ಚಿಕ್ಕಪ್ಪ’ ಎಂದು ಬರೆದರೆ ಏನನ್ನು ಮುಗಿಸಬೇಕೆಂಬುದೇ ತಿಳಿಯುವುದಿಲ್ಲ. ‘ಚಿಕ್ಕಪ್ಪ ಯಾಕೆ ಹೋದ?’, ‘ಚಿಕ್ಕಪ್ಪ ತಿರುಗಿ ಬರುತ್ತಾನಾ?’ ಎಂದು ಬರೆದರೆ ಅಲ್ಲಿ ಇರುವುದು ಎರಡು ಎಳೆ ಎಂಬುದು ಕಾಣುತ್ತದೆ.

ಈ ಎರಡಕ್ಕೂ ಒಂದೇ ನ್ಯಾಯ ಸಲ್ಲದು. ಯಾಕೆ ಹೋದ ಎಂಬುದು ನಡೆದುಹೋದ ಸಂಗತಿ. ಅದು ನಿಮಗೆ ಗೊತ್ತು, 4 ಸಂಪುಟಗಳ ಉದ್ದಕ್ಕೂ ಬೇಕೆಂದೇ ಮುಚ್ಚಿಟ್ಟಿದ್ದೀರಿ. ಮುಚ್ಚಿಟ್ಟದ್ದು ಓದುಗರಿಗೆ ನೀವು ತೀರಿಸಬೇಕಾದ ಸಾಲ. ತಿರುಗಿ ಬರುತ್ತಾನೋ ಇಲ್ಲವೋ ಎಂಬುದು ಮುಂದಿನ ಮಾತು, ಅದನ್ನು ಓದುಗರಿಗೆ ಬಿಡಬಹುದು. ಉಯಿಲಿನಲ್ಲಿ ಏನಿತ್ತು ಎಂಬುದನ್ನು ಹೇಳಲೇಬೇಕು. ಶಾರದೆ ಅತ್ತೆಮನೆಗೆ ಹೋಗುವುದಿಲ್ಲ ಎಂದು ತೀರ್ಮಾನಿಸುವುದನ್ನು ತೋರಿಸಲೇಬೇಕು, ಆದರೆ ಆಮೇಲೆ ಅವಳು ಹೇಗೆ ಬಾಳಿದಳು ಎಂಬುದು ಬೇಡ. ಒಂದು ಎಚ್ಚರಿಕೆ ಮಾತ್ರ ಇದೆ: ಇಡೀ ಸಂಪುಟವನ್ನೇ ಎಳೆದುಕೊಂಡು ಹೋದ ಪ್ರಶ್ನೆ ಮುಂದಿನದ್ದಾದರೂ ಸಾಲವೇ. ನಿಮ್ಮ ಮೂರನೆಯ ಸಂಪುಟ ಪೂರ್ತಿ ‘ತೋಟ ಉಳಿಯುತ್ತದಾ?’ ಎಂಬುದರ ಮೇಲೆ ನಿಂತಿದೆ, ಅದನ್ನು ತೇಲಿಸುವಂತಿಲ್ಲ.

ಇನ್ನು ಎಲ್ಲವನ್ನೂ ಯಾವ ಕ್ರಮದಲ್ಲಿ ಮುಗಿಸಬೇಕು ಎಂಬುದು. ಇದಕ್ಕೆ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದ ರಿಂಗ್ಸ್’ (1954–55) ಕೃತಿಯ ಕೊನೆಯ ಭಾಗವನ್ನು ಬಿಡಿಸಿ ನೋಡುವುದು ಒಳ್ಳೆಯದು. ಆ ಭಾಗದಲ್ಲಿ 9 ಅಧ್ಯಾಯಗಳಿವೆ, ಇಡೀ ಕಥೆ ಯಾವುದನ್ನು ನಾಶಮಾಡಲು ಹೊರಟಿದೆಯೋ ಆ ಉಂಗುರ ನಾಶವಾಗುವುದು ಮೂರನೆಯದರಲ್ಲಿ. ಅಂದರೆ ದೊಡ್ಡ ಗಂಟು ಬಿಚ್ಚಿದ ಮೇಲೂ 6 ಅಧ್ಯಾಯಗಳ ಜಾಗವಿದೆ. ಅಷ್ಟು ಜಾಗವಿರುವುದರಿಂದ ಎಲ್ಲರನ್ನೂ ಒಂದೇ ಚಪ್ಪರದಡಿ ನಿಲ್ಲಿಸಿ ಹೆಸರು ಕೂಗುವ ಗತಿ ಬರುವುದಿಲ್ಲ. ಪಟ್ಟಾಭಿಷೇಕ, ಮದುವೆ ಮುಗಿದು ಊರಿಗೆ ಮರಳುವ ದಾರಿಯಲ್ಲಿ ಜೊತೆಗಾರರು ತಮ್ಮ ತಮ್ಮ ತಿರುವಿನಲ್ಲಿ ಬೀಳ್ಕೊಳ್ಳುತ್ತಾರೆ. ಆ ದಾರಿಯೇ ಎಳೆಗಳನ್ನು ಒಂದೊಂದಾಗಿ ಮುಗಿಸುತ್ತದೆ. ಕೊನೆಗೆ ಉಳಿಯುವುದು ಉಂಗುರ ಹೊತ್ತು ನಡೆದ ಫ್ರೋಡೋನ ಮಾಯದ ಗಾಯ. ಅವನು ಹಡಗು ಹತ್ತುವುದನ್ನು ನಾವು ಕಾಣುತ್ತೇವೆ, ಕಡಲಾಚೆ ಗಾಯ ವಾಸಿಯಾಯಿತೇ ಎಂಬುದನ್ನು ಮಾತ್ರ ಕಥೆ ಹೇಳುವುದಿಲ್ಲ.

ಅದೇ ಕೃತಿಗೆ ಟೋಲ್ಕಿನ್ ಒಂದು ಉಪಸಂಹಾರವನ್ನೂ ಬರೆದಿದ್ದರು. ವರ್ಷಗಳ ನಂತರ ಫ್ರೋಡೋನ ಜೊತೆಗಾರ ಸ್ಯಾಮ್‌ನ ಮಕ್ಕಳು ಅವರೇನಾದರು, ಇವರೇನಾದರು ಎಂದು ಕೇಳುತ್ತಾರೆ, ಅವನು ಉತ್ತರ ಕೊಡುತ್ತಾ ಹೋಗುತ್ತಾನೆ. ಓದಿದವರು ಯಾರೂ ಒಪ್ಪಲಿಲ್ಲವಾಗಿ ಅದನ್ನು ಕೈಬಿಟ್ಟರು. ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ, 1992ರಲ್ಲಿ, ಅದು ಅಚ್ಚಾಯಿತು. ಪ್ರಶ್ನೋತ್ತರವಾದ ಕೂಡಲೇ ಪಾತ್ರಗಳು ಬದುಕುವುದನ್ನು ಬಿಟ್ಟು ವರದಿ ಒಪ್ಪಿಸುತ್ತವೆ. ನಿಮ್ಮ ಸಾರಾಂಶದ ಕೊನೆಯ ಅಧ್ಯಾಯದಲ್ಲಿ ಅಜ್ಜಿಯ ವೈಕುಂಠ ಸಮಾರಾಧನೆಗೆ ಎಲ್ಲರೂ ಸೇರುತ್ತಾರೆ. ಆ ಸನ್ನಿವೇಶಕ್ಕೂ ಇದೇ ಅಪಾಯವಿದೆ. ಅಲ್ಲಿಗೆ 3 ಎಳೆಗಿಂತ ಹೆಚ್ಚು ತರಬೇಡಿ. ಗೇಣಿದಾರರ ಜಗಳ, ಬಾವಿಯ ವ್ಯಾಜ್ಯದಂಥ ಚಿಕ್ಕವನ್ನು ಐದನೆಯ ಸಂಪುಟದ ಮೊದಲರ್ಧದಲ್ಲೇ ಬೇರೆ ಕೆಲಸದ ನಡುವೆ ತೀರಿಸಿ, ಕೆಲವಕ್ಕೆ ಒಂದೇ ವಾಕ್ಯ ಸಾಕು. ಉಯಿಲು ಓದುವ ಹೊತ್ತಿನಲ್ಲೇ ಚಿಕ್ಕಪ್ಪ ಹೋದ ಕಾರಣವೂ ಹೊರಬಿದ್ದರೆ ಎರಡು ಸಾಲ ಒಟ್ಟಿಗೆ ತೀರುತ್ತವೆ, ಶಾರದೆಯ ತೀರ್ಮಾನಕ್ಕೂ ಅದೇ ನೆಪವಾಗಬಹುದು.

ಸಾರಾಂಶದಲ್ಲಿ ಕಂಡ ಇನ್ನೊಂದು ತೊಡಕು ಸಾಗರದ ವಕೀಲರದು. ಹಿಂದೆ ಎಲ್ಲೂ ಇಲ್ಲದವರು ಕೊನೆಯ ಸಂಪುಟದಲ್ಲಿ ಬಂದು ಗುಟ್ಟು ಬಿಚ್ಚಿದರೆ ಉತ್ತರ ಸರಿಯಿದ್ದರೂ ಓದುಗರು ನಂಬುವುದಿಲ್ಲ. ಎರಡನೆಯ ಸಂಪುಟದಿಂದ ಮನೆಯ ಲೆಕ್ಕ ಬರೆಯುತ್ತಿರುವ ಶಾನುಭೋಗರ ಬಾಯಲ್ಲಿ ಅದೇ ಮಾತು ಬರಲಿ.

ಬಿಟ್ಟ ಜಾಗ ನಿಜಕ್ಕೂ ಕಲ್ಪನೆಗೆ ಬಿಟ್ಟದ್ದೋ ಬರೀ ತೂತೋ ಎಂದು ತಿಳಿಯಲು, ಚಿಕ್ಕಪ್ಪ ಬರುತ್ತಾನೆ ಎನ್ನುವವರಿಗೂ ಬರುವುದಿಲ್ಲ ಎನ್ನುವವರಿಗೂ ಪುಸ್ತಕದೊಳಗೇ ಆಧಾರ ಸಿಗುತ್ತದೆಯೇ ನೋಡಿ. ಅವನು ಕಳಿಸಿದ ಮನಿಯಾರ್ಡರು ಒಂದು ಕಡೆಗೆ ವಾಲಿದರೆ, ವಿಳಾಸ ಬರೆಯದೇ ಬಿಟ್ಟದ್ದು ಇನ್ನೊಂದು ಕಡೆಗೆ ವಾಲುತ್ತದೆ. ಎರಡರಲ್ಲಿ ಒಂದಕ್ಕೆ ಆಧಾರ ಇಲ್ಲದಿದ್ದರೆ ಹಿಂದಕ್ಕೆ ಹೋಗಿ ಒಂದು ವಿವರ ಸೇರಿಸಬೇಕು. ಹಿಂದಿನವು ಅಚ್ಚಾಗಿದ್ದರೆ ಐದನೆಯದರ ಮೊದಲ ಅಧ್ಯಾಯಗಳಲ್ಲೇ ಅದಕ್ಕೆ ಜಾಗ ಹುಡುಕಬೇಕು.

ಕರಡು ಮುಗಿದಾಗ ಹಿಂದಿನ ನಾಲ್ಕನ್ನೂ ಓದಿದ ಮೂವರಿಗೆ ಓದಲು ಕೊಟ್ಟು, ‘ಇನ್ನೂ ಏನು ತಿಳಿಯಬೇಕಿತ್ತು?’ ಎಂಬುದಕ್ಕೆ ಒಬ್ಬರನ್ನೊಬ್ಬರು ಕೇಳದೆ ಚೀಟಿಯಲ್ಲಿ ಉತ್ತರ ಬರೆಯಲು ಹೇಳಿ. ಮೂವರೂ ನಡೆದುಹೋದ ಒಂದೇ ಸಂಗತಿಯನ್ನು ಕೇಳಿದರೆ ಅಲ್ಲಿ ಸಾಲ ಉಳಿದಿದೆ, ಆ ಅಧ್ಯಾಯವನ್ನು ಮತ್ತೆ ಬರೆಯಿರಿ. ಶಾರದೆ ಮುಂದೇನು ಮಾಡಿರಬಹುದು ಎಂದು ತಲೆಗೊಂದು ಊಹೆ ಬರೆದಿದ್ದರೆ ಏನನ್ನೂ ಮುಟ್ಟಬೇಡಿ.