ತೆರೆಯಲಾಗದ ಐಡಿಗೆ ಹೋದ ಸ್ವಾಗತದ ಮೇಲ್

*ಗಂಗಾವತಿಯ ಅಕ್ಕಿ ವ್ಯಾಪಾರದ ಕಚೇರಿಯಲ್ಲಿ ಲೆಕ್ಕ, ಬಿಲ್ಲು ಎಲ್ಲ ನಾನೇ ನೋಡಿಕೊಳ್ಳುತ್ತೇನೆ. ಕೆಲಸ ಜಾಸ್ತಿಯಾಯಿತು ಅಂತ ಕಾರಟಗಿ ಕಡೆಯ ಒಬ್ಬ ಹುಡುಗಿಯನ್ನು ತೆಗೆದುಕೊಂಡೆವು. ಆಕೆ ಸೇರುವ ಸೋಮವಾರ, ಮರುದಿನ ಮಂಗಳವಾರ ನಾನು ರಜೆ. ಅಕ್ಕನ ಮಗುವಿಗೆ ಹೆಸರಿಡುವ ಕಾರ್ಯ ಇತ್ತು. ಅದಕ್ಕೇ ಭಾನುವಾರ ರಾತ್ರಿ ಕೂತು ವಾರದ ಕೆಲಸ, ಎಲ್ಲರ ನಂಬರು, ಟ್ಯಾಲಿ, ಇ-ವೇ ಬಿಲ್ ಲಾಗಿನ್ ಎಲ್ಲ ಬರೆದು ಆಕೆಯ ಹೊಸ ಆಫೀಸ್ ಐಡಿಗೆ ಮೇಲ್ ಮಾಡಿದೆ. ಆ ಐಡಿಯ ಪಾಸ್‌ವರ್ಡೂ ಅದರಲ್ಲೇ ಇತ್ತು. ಬುಧವಾರ ಬಂದು ನೋಡಿದರೆ ಲೋಡಾದ ಲಾರಿ ಗೇಟಿನಲ್ಲೇ ನಿಂತಿದೆ, ಅದು ಹೊರಡಲು ಬೇಕಾದ ಇ-ವೇ ಬಿಲ್ ಆಗಿಲ್ಲ. ಸಾವುಕಾರ್ರು ಎಲ್ಲರೆದುರು ಆಕೆಗೆ ಬೈದರು. ಗುರುವಾರದಿಂದ ಆಕೆ ಬಂದಿಲ್ಲ. "ಎಲ್ಲಾ ಮೇಲಲ್ಲಿದೆ, ಓದಿಕೋ ಅಂದೆ, ಓದಲೇ ಇಲ್ಲ" ಅಂತಾರೆ ನಮ್ಮ ಹಳೇ ಗುಮಾಸ್ತರು. ಅಷ್ಟು ಕಷ್ಟಪಟ್ಟು ಬರೆದದ್ದನ್ನು ಓದದವರನ್ನು ಮತ್ತೆ ಕರೆಯಬೇಕಾ?*
*- ಹೆಸರು ಬೇಡ, ಗಂಗಾವತಿ*

ಕರೆಯಬೇಕು. ಇವತ್ತೇ ಕರೆಯಬೇಕು.

ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತನ್ನು ನಾನು ಹಿಡಿದುಕೊಂಡೆ. ಐಡಿಯ ಪಾಸ್‌ವರ್ಡ್ ಆ ಐಡಿಗೇ ಹೋಗಿದೆ! ಆಕೆ ಹೇಗೆ ಓದಬೇಕಿತ್ತು? ಹೊಸ ಜಾಗ, ಗುರುತಿನವರು ಯಾರೂ ಇಲ್ಲ, ಕೇಳಲು ಹೋದರೆ "ಮೇಲಲ್ಲಿದೆ" ಅನ್ನುವ ಒಂದೇ ಉತ್ತರ. ಎರಡು ದಿನ ಆಕೆ ಆ ಕುರ್ಚಿಯಲ್ಲಿ ಹೇಗೆ ಕೂತಿರಬಹುದು ಅಂತ ನೆನೆದರೆ ನನಗೆ ಹೊಟ್ಟೆ ಕಿವುಚುತ್ತದೆ. ರಾತ್ರಿ ನಿದ್ದೆಗೆಟ್ಟು ಬರೆದ ನಿಮ್ಮ ಕಾಳಜಿ ನಿಜ. ಆದರೆ ಆಕೆ ಓದಲಿಲ್ಲ ಅನ್ನುವ ಮಾತನ್ನು ಇನ್ನು ಯಾರ ಮುಂದೆಯೂ ಹೇಳಬೇಡಿ.

ನನಗೆ ನಿಜವಾದ ಸಿಟ್ಟು ನಿಮ್ಮ ಗುಮಾಸ್ತರ ಮೇಲೆ. ಅಷ್ಟು ವರ್ಷ ಕಚೇರಿಯಲ್ಲಿದ್ದವರಿಗೆ, ಮೇಲ್ ತೆರೆಯಿತಾ ಅಂತ ಎದ್ದು ಬಂದು ನೋಡಲು ಎಷ್ಟು ಹೊತ್ತು ಬೇಕಿತ್ತು? ಹೊಸಬರು ಬಂದಾಗ "ಏನಾದರೂ ಬೇಕಾದರೆ ಕೇಳಿ" ಅನ್ನುವವರನ್ನು ನಾನು ನಂಬುವುದಿಲ್ಲ. ಏನು ಬೇಕು ಅನ್ನುವುದೇ ಹೊಸಬರಿಗೆ ಗೊತ್ತಿರುವುದಿಲ್ಲ. ಗೊತ್ತಿರುವವರೇ ಹತ್ತಿರ ಹೋಗಿ ಕೂರಬೇಕು.

ಇನ್ನು ಆ ಲಾರಿಯ ವಿಷಯ. ಬುಧವಾರದ ಹೊತ್ತಿಗೆ ಆಕೆಗೆ ಮೇಲ್ ಸಿಕ್ಕಿದ್ದರೂ ಬಿಲ್ ಆಗುತ್ತಿರಲಿಲ್ಲ ಅಂತ ನನ್ನ ಅನುಮಾನ. ನೀವು ಕೊಟ್ಟದ್ದು ಸಾವುಕಾರ್ರ ಹೆಸರಿನ ಲಾಗಿನ್ ಅಲ್ವಾ? 2025ರ ಏಪ್ರಿಲ್‌ನಿಂದ ಇ-ವೇ ಬಿಲ್ ಪೋರ್ಟಲ್‌ನಲ್ಲಿ ಪಾಸ್‌ವರ್ಡ್ ಒಂದೇ ಸಾಲದು, ಒಟಿಪಿಯೂ ಎಲ್ಲರಿಗೂ ಕಡ್ಡಾಯ. ಯಾರ ಹೆಸರಿನ ಲಾಗಿನ್ನೋ ಅವರ ನೋಂದಾಯಿತ ಮೊಬೈಲ್‌ಗೆ ಅದು ಹೋಗುತ್ತದೆ. ಅಂದರೆ ಆಕೆ ಪಾಸ್‌ವರ್ಡ್ ಹಾಕಿ ಕಾಯುತ್ತಾ ಕೂತರೆ, ಒಟಿಪಿ ಸಾವುಕಾರ್ರ ಜೇಬಿನಲ್ಲಿ. ಮೂರು ದಿನದ ಹೊಸ ಹುಡುಗಿ ಸಾವುಕಾರ್ರಿಗೆ ಫೋನ್ ಮಾಡಿ ಒಟಿಪಿ ಕೇಳುತ್ತಾಳಾ?

ಇದಕ್ಕೆ ದಾರಿ ಪೋರ್ಟಲ್‌ನಲ್ಲೇ ಇದೆ. ಸಾವುಕಾರ್ರ ಲಾಗಿನ್‌ನಲ್ಲಿ "User Management" ಒಳಗೆ ಹೋದರೆ ಸಬ್ ಯೂಸರ್ ಮಾಡಬಹುದು. ಆಗ ಒಂದು ಸಲ ಅವರ ಮೊಬೈಲ್‌ಗೆ ಒಟಿಪಿ ಬರುತ್ತದೆ, ಅಷ್ಟೇ. ಆಕೆಯ ಹೆಸರು, ಆಕೆಯ ಮೊಬೈಲ್ ನಂಬರ್ ಹಾಕಿ. ಬಿಲ್ ಮಾಡುವುದು, ರದ್ದು ಮಾಡುವುದು, ಯಾವುದಕ್ಕೆ ಅನುಮತಿ ಅಂತ ಗುರುತು ಮಾಡಿ. ಮುಂದೆ ಆಕೆಯ ಒಟಿಪಿ ಆಕೆಯ ಫೋನಿಗೇ ಬರುತ್ತದೆ. ಟ್ಯಾಲಿಯಲ್ಲೂ ಬೇರೆ ಯೂಸರ್ ಮಾಡಿಕೊಡಿ. ಪಾಸ್‌ವರ್ಡ್‌ಗಳನ್ನು ಮೇಲ್‌ನಲ್ಲಿ ಬರೆಯಲೇಬೇಡಿ. ಎದುರಿಗೆ ಕೂತು ಆಕೆಯ ಕೈಯಲ್ಲೇ ಹಾಕಿಸಿ.

ಈಗ ನೀವು ಮಾಡಬೇಕಾದದ್ದು ಒಂದೇ ಕೆಲಸ: ಆ ಮೇಲ್ ಮತ್ತೆ ಬರೆಯಿರಿ. ಮೊದಲು ಆಕೆಗೆ ಫೋನ್ ಮಾಡಿ, ಮೇಲ್ ನಿನಗೆ ತಲುಪುವ ಹಾಗೇ ಇರಲಿಲ್ಲ, ತಪ್ಪು ನನ್ನದು ಅಂತ ಹೇಳಿ. ಆಮೇಲೆ ಆಕೆ ದಿನಾ ನೋಡುವ ಸ್ವಂತ ಜಿಮೇಲ್‌ಗೆ, ಶುಕ್ರವಾರ ಸಂಜೆಯೊಳಗೆ ಕಳಿಸಿ. ಕಳಿಸಿದ್ದೇನೆ ಅಂತ ವಾಟ್ಸಾಪ್‌ನಲ್ಲೂ ಒಂದು ಮಾತು ಹಾಕಿ. ಉದ್ದ ಬೇಡ, ಫೋನಿನಲ್ಲಿ ಎರಡು ಸಲ ಸರಿಸಿದರೆ ಮುಗಿಯಬೇಕು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

> ಸೋಮವಾರ ಒಂಬತ್ತೂವರೆಗೆ ಬನ್ನಿ. ಬಸ್ ತಡವಾದರೆ ಚಿಂತೆ ಬೇಡ, ನನಗೊಂದು ಫೋನ್ ಮಾಡಿ. ಗೇಟಿನ ಹತ್ತಿರ ನಾನೇ ಇರುತ್ತೇನೆ. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್ ತನ್ನಿ. ನಿಮ್ಮ ಫೋನ್ ಚಾರ್ಜ್ ಆಗಿರಲಿ, ಲಾಗಿನ್ ಮಾಡಲು ಒಟಿಪಿ ಅದಕ್ಕೇ ಬರುತ್ತದೆ.
>
> ಸೋಮವಾರ ಲಾಗಿನ್‌ಗಳನ್ನು ಮಾಡಿಕೊಳ್ಳೋಣ, ಬೇರೆ ಕೆಲಸ ಇಲ್ಲ. ಮಂಗಳವಾರ ನಾನು ಬಿಲ್ ಮಾಡುತ್ತೇನೆ, ನೀವು ಪಕ್ಕದಲ್ಲಿ ಕೂತು ನೋಡಿ. ಬುಧವಾರ, ಗುರುವಾರ ನೀವು ಮಾಡಿ, ನಾನು ನೋಡುತ್ತೇನೆ. ಶುಕ್ರವಾರದಿಂದ ನೀವೇ, ನಾನು ಪಕ್ಕದ ಟೇಬಲ್‌ನಲ್ಲೇ ಇರುತ್ತೇನೆ.
>
> ಲಾರಿ ನಂಬರ್, ತೂಕದ ಚೀಟಿಗೆ: ವೇಬ್ರಿಜ್‌ನವರು. ಬಿಲ್‌ನಲ್ಲಿ ಯಾವ ಅನುಮಾನ ಬಂದರೂ: ನಾನು. ನಾನು ಸಿಗದಿದ್ದರೆ: ಗುಮಾಸ್ತರು, ಅವರಿಗೆ ಹೇಳಿದ್ದೇನೆ.

ಪ್ರತಿಯೊಂದರ ಮುಂದೆ ಫೋನ್ ನಂಬರ್ ಹಾಕಿ. ಸಂಪರ್ಕಕ್ಕೆ ಮೂರು ಜನ ಸಾಕು. ಎಲ್ಲರ ನಂಬರನ್ನೂ ಒಟ್ಟಿಗೆ ಕೊಟ್ಟರೆ, ಯಾವುದಕ್ಕೆ ಯಾರನ್ನು ಕೇಳಬೇಕು ಅಂತ ತಿಳಿಯದೆ ಆಕೆ ಯಾರಿಗೂ ಫೋನ್ ಮಾಡುವುದಿಲ್ಲ. "ಅವರಿಗೆ ಹೇಳಿದ್ದೇನೆ" ಅನ್ನುವ ಮಾತು ಸುಳ್ಳಾಗಬಾರದು. ಪತ್ರ ಕಳಿಸುವ ಮುಂಚೆ ಗುಮಾಸ್ತರ ಹತ್ತಿರ ಹೋಗಿ, ನಿಮ್ಮ ಹೆಸರು ಹಾಕುತ್ತಿದ್ದೇನೆ, ಆಕೆ ಕೇಳಿದರೆ ಎದ್ದು ಹೋಗಿ ತೋರಿಸಬೇಕು ಅಂತ ಒಪ್ಪಿಸಿಕೊಳ್ಳಿ. ಒಪ್ಪದಿದ್ದರೆ ಅವರ ಹೆಸರು ತೆಗೆದುಹಾಕಿ.

ಯಾವ ಲೋಡಿಗೆ ಇ-ವೇ ಬಿಲ್ ಬೇಕು, ಯಾವುದಕ್ಕೆ ಬೇಡ ಅನ್ನುವುದನ್ನು ಮೇಲ್‌ನಲ್ಲಿ ತುರುಕಬೇಡಿ. ಅದನ್ನು ಮಂಗಳವಾರ ಚೀಲದ ಮುಂದೆ ನಿಲ್ಲಿಸಿ ಹೇಳಿ. ಲೇಬಲ್ ಇರುವ 25 ಕೆಜಿ ಮತ್ತು ಅದಕ್ಕಿಂತ ಸಣ್ಣ ಚೀಲದ ಅಕ್ಕಿಗೆ ಜಿಎಸ್‌ಟಿ ಇದೆ, ಹಾಗಾಗಿ ಲೋಡಿನ ಬೆಲೆ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಬೇಕು. ಅದಕ್ಕಿಂತ ದೊಡ್ಡ ಚೀಲದ ಅಕ್ಕಿಗೆ ತೆರಿಗೆಯೂ ಇಲ್ಲ, ಈ ಬಿಲ್ಲೂ ಬೇಡ. ಲಾರಿ ಬದಲಾದರೆ ಗಾಡಿ ನಂಬರನ್ನು ಆ ಬಿಲ್ಲಿನ ಪಾರ್ಟ್ ಬಿಯಲ್ಲಿ ತಿದ್ದಬಹುದು. ಬೆಲೆಯೋ ತೂಕವೋ ತಪ್ಪಾದರೆ ತಿದ್ದಲು ಬರುವುದಿಲ್ಲ. 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಬೇಕು. ಇದನ್ನು ಮೊದಲೇ ಹೇಳಿದರೆ ಆಕೆಗೆ ಅರ್ಧ ಭಯ ಹೋಗುತ್ತದೆ. ಹೇಳದಿದ್ದರೆ ಮೊದಲ ತಪ್ಪನ್ನು ಮುಚ್ಚಿಡುತ್ತಾಳೆ, ಅದು ದಾರಿಯಲ್ಲಿ ಲಾರಿಯನ್ನು ತಪಾಸಣೆಗೆ ನಿಲ್ಲಿಸಿದಾಗ ಗೊತ್ತಾಗುತ್ತದೆ.

ಕಲಿತಿದ್ದಾಳಾ ಅಂತ ತಿಳಿಯಲು ಗುರುವಾರ ಸಂಜೆ "ಅರ್ಥ ಆಯ್ತಾ" ಅಂತ ಕೇಳಬೇಡಿ, ಎಲ್ಲರೂ ಆಯ್ತು ಅಂತಾರೆ. ಆ ದಿನ ಹೋದ ಒಂದು ಲೋಡಿನ ತೂಕದ ಚೀಟಿ ಕೊಟ್ಟು, ಇದಕ್ಕೆ ಏನೇನು ಮಾಡಿದೆ ಹೇಳು ಅನ್ನಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿಂದ ಮತ್ತೆ ತೋರಿಸಿ.

ಸಾವುಕಾರ್ರಿಗೆ ಎರಡು ವಿಷಯ ಹೇಳಿ. ಸೋಮವಾರ ಹತ್ತು ಗಂಟೆಗೆ ಸಬ್ ಯೂಸರ್ ಮಾಡಲು ಅವರ ಫೋನ್ ಬೇಕು, ಕಚೇರಿಯಲ್ಲೇ ಇರಬೇಕು. ಆಕೆ ಬಂದಿದ್ದ ಆ ಮೂರು ದಿನದ ಸಂಬಳ ಹಿಡಿಯಬಾರದು. ಎರಡನೆಯದಕ್ಕೆ ತಕರಾರು ತೆಗೆದರೆ, ಲಾರಿ ನಿಂತದ್ದು ಯಾಕೆ ಅಂತ ನಾನು ಮೇಲೆ ಬರೆದದ್ದನ್ನು ಅವರಿಗೆ ಓದಿ ಹೇಳಿ.