ಗೆರೆಯ ತುದಿ ಅಂದ್ರೆ ಮಿತಿ ಅಲ್ಲ

“ಅಲಾಸ್ಕಾದ ಸೇಂಟ್ ಮ್ಯಾಥ್ಯೂ ದ್ವೀಪದ ಹಿಮಸಾರಂಗಗಳ ಗ್ರಾಫ್‌ನಲ್ಲಿ ಜನನ ದರ, ಮರಣ ದರ ಎಲ್ಲಿ ಕಾಣುತ್ತೆ? ತುದಿಯ 6000 ಧಾರಣಾ ಸಾಮರ್ಥ್ಯ, ಅಂದ್ರೆ ದ್ವೀಪ ಬಹುಕಾಲ ಸಾಕಬಲ್ಲ ಸಂಖ್ಯೆ, ತಾನೇ?”

ಅಲ್ಲ. ಈ ಗ್ರಾಫ್ ಯಾವ ವರ್ಷ ಎಷ್ಟು ಸಾರಂಗಗಳಿದ್ದವು ಅಂತಷ್ಟೇ ತೋರಿಸುತ್ತೆ, ಅದರಲ್ಲಿ ಎರಡು ದರಗಳೂ ಬೇರೆ ಬೇರೆಯಾಗಿ ಕಾಣಲ್ಲ. ಕಾಣೋದು ವರ್ಷಕ್ಕೆ ಹುಟ್ಟಿದವುಗಳ ಮತ್ತು ಸತ್ತವುಗಳ ಸಂಖ್ಯೆಯ ವ್ಯತ್ಯಾಸ, ಅದೇ ಗೆರೆಯ ಇಳಿಜಾರು. ಗೆರೆ ಏರುತ್ತಿದ್ದರೆ ಹುಟ್ಟು ಜಾಸ್ತಿ, ಇಳಿಯುತ್ತಿದ್ದರೆ ಸಾವು ಜಾಸ್ತಿ. ದ್ವೀಪವಾದ್ದರಿಂದ ವಲಸೆಯ ಲೆಕ್ಕ ಇಲ್ಲ. ಗೆರೆ ಮಟ್ಟಸವಾದರೆ ಹುಟ್ಟು ನಿಂತಿತು ಅಂತಲ್ಲ, ಎರಡೂ ಸಮ ಆಯ್ತು ಅಂತ.

ಈಗ ಅಂಕಿ ನೋಡಿ. 1944ರಲ್ಲಿ 29 ಇದ್ದವು, 1957ರಲ್ಲಿ 1350, 1963ರಲ್ಲಿ 6000. ಮೊದಲ ಹಂತದಲ್ಲಿ ವರ್ಷಕ್ಕೆ ಸರಾಸರಿ ನೂರು ಹೆಚ್ಚಿದವು, ಎರಡನೆಯದರಲ್ಲಿ 775. ಗೆರೆ ಕಡಿದಾಯ್ತು ಅಲ್ವಾ? ಆದರೆ ಶೇಕಡಾವಾರು ಹಾಕಿದರೆ ವರ್ಷಕ್ಕೆ ಸುಮಾರು 34 ಇದ್ದದ್ದು 28ಕ್ಕೆ ಇಳಿದಿದೆ. ತಲಾ ಬೆಳವಣಿಗೆ ಆಗಲೇ ಕುಗ್ಗುತ್ತಿತ್ತು. 1963ರ ಎಣಿಕೆಯಲ್ಲೂ ಪ್ರಾಣಿಗಳ ತೂಕ ಇಳಿದಿತ್ತು, ಮರಿಗಳ ಪಾಲು ಕಡಿಮೆಯಾಗಿತ್ತು. ಸುಮ್ನೆ ಗೆರೆ ನೋಡಿದರೆ ಇದು ಗೊತ್ತೇ ಆಗಲ್ಲ.

ಚಳಿಗಾಲದಲ್ಲಿ ಅವುಗಳ ಮೇವು ಕಲ್ಲುಹೂವು. ಅದು ಬೆಳೆಯೋದು ಬಹಳ ನಿಧಾನ. ಸಾರಂಗಗಳು ವರ್ಷದ ಬೆಳೆಯನ್ನಲ್ಲ, ಕೂಡಿಟ್ಟ ಗಂಟನ್ನೇ ತಿಂದವು. 1963–64ರ ಚಳಿಗಾಲ ವಿಪರೀತ ಕಠಿಣವಾಗಿತ್ತು. 1966ರಲ್ಲಿ ಉಳಿದದ್ದು 42.

ಧಾರಣಾ ಸಾಮರ್ಥ್ಯ ಅಂದ್ರೆ ಮೇವು ಹಾಳಾಗದಂತೆ ಬಹುಕಾಲ ಬಾಳಬಲ್ಲ ಸಂಖ್ಯೆ. ಗೆರೆ ಅಲ್ಲಿ ಮಟ್ಟಸವಾಗಿ ನಿಲ್ಲಬೇಕು. 6000 ನಿಲ್ಲಲೇ ಇಲ್ಲ, ಅದು ಮಿತಿ ಮೀರಿದ ಜಾಗ. ನಿಜವಾದ ಮಿತಿ ಅದಕ್ಕಿಂತ ಕೆಳಗಿತ್ತು. ಮೇವು ಸವೆದಂತೆ ಆ ಮಿತಿಯೂ ಕುಸಿಯಿತು, ಹಾಗಾಗಿ ಈ ಗ್ರಾಫ್‌ನಲ್ಲಿ ಅದಕ್ಕೆ ಒಂದೇ ಅಡ್ಡಗೆರೆ ಎಳೆಯೋಕಾಗಲ್ಲ.